ಹೊಯ್ಸಳರ ಕಾಲದ ಕಾದಂಬರಿಗೆ ಹೆಸರು ಹುಡುಕುವುದು ಹೇಗೆ?

ಐತಿಹಾಸಿಕ ಕಾದಂಬರಿ ಬರೆಯಲು ಕೂತವರು ಮೊದಲು ಬರೆದಿಡುವ ಹೆಸರುಗಳು ಹೆಚ್ಚಾಗಿ ಹೀಗಿರುತ್ತವೆ: ವಿಕ್ರಮಸಿಂಹ, ರಣಧೀರ, ಚಂದ್ರಲೇಖೆ, ಮೃಣಾಲಿನಿ. ಹಳೆಯ ಕಾಲ ಅಂದರೆ ಗಟ್ಟಿ ಸಂಸ್ಕೃತ ಎಂಬ ಅಂದಾಜು ನಮ್ಮ ತಲೆಯಲ್ಲಿ ಕೂತಿದೆ. ನನ್ನ ಮೊದಲ ಕರಡಿನಲ್ಲೂ ಇಂಥ ಹೆಸರುಗಳೇ ಇದ್ದವು. ಆಮೇಲೆ ಹಾಸನ ಸುತ್ತಮುತ್ತಲಿನ ಶಾಸನಗಳನ್ನು ಓದಲು ಶುರು ಮಾಡಿದೆ. ಅಲ್ಲಿ ಸಿಕ್ಕ ಜನರ ಹೆಸರು ಬೇರೆಯೇ: ಮಾರಸಿಂಗಯ್ಯ, ಮಾಚಿಕಬ್ಬೆ, ಪೋಚಿಕಬ್ಬೆ, ಬೊಪ್ಪ, ಕೇತಮಲ್ಲ, ದಾಸೋಜ, ಹುಳ್ಳ. ಬಾಯಲ್ಲಿ ಸವೆದು ದುಂಡಗಾದ ಹೆಸರುಗಳು. 12ನೇ ಶತಮಾನದ ಸದ್ದು ಇರುವುದು ಇವುಗಳಲ್ಲಿ.

ಇಡೀ ದಕ್ಷಿಣ ಭಾರತಕ್ಕೆ ಒಂದೇ ಸೂತ್ರ ಕೊಡಲು ಆಗುವುದಿಲ್ಲ. ಅದಕ್ಕೆ ಒಂದು ರಾಜ್ಯ, ಒಂದು ವರ್ಷ ಹಿಡಿಯೋಣ. ಹೊಯ್ಸಳ ವಿಷ್ಣುವರ್ಧನ ಆಳುತ್ತಿದ್ದಾನೆ, ವರ್ಷ 1125, ಅವನ ರಾಜಧಾನಿ ದೋರಸಮುದ್ರದ ಹತ್ತಿರದ ಒಂದು ಹಳ್ಳಿ. ಅಲ್ಲಿನ ಒಂದು ಮನೆಯ ಜನರಿಗೆ ಹೆಸರಿಡುತ್ತಾ ಹೋಗೋಣ.

ಮೊದಲು ಹುಟ್ಟಿದ ವರ್ಷ ಬರೆಯಿರಿ

ಕಥೆ ನಡೆಯುವ ವರ್ಷಕ್ಕೆ ಹೆಸರು ಹುಡುಕಬೇಡಿ. ಪಾತ್ರ ಹುಟ್ಟಿದ ವರ್ಷಕ್ಕೆ ಹುಡುಕಿ. 1125ರಲ್ಲಿ 70 ವರ್ಷದ ಅಜ್ಜ ಹುಟ್ಟಿದ್ದು 1055ರಲ್ಲಿ. ಅವನಿಗೆ ಹೆಸರಿಟ್ಟವರು ಇನ್ನೂ ಹಿಂದಿನವರು, ಅವರ ನಾಲಿಗೆಯೂ ಹಿಂದಿನದು. 45ರ ಮಗ ಹುಟ್ಟಿದ್ದು 1080ರಲ್ಲಿ. ಹತ್ತು ವರ್ಷದ ಮೊಮ್ಮಗ ಹುಟ್ಟಿದ್ದು 1115ರಲ್ಲಿ.

ಈ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ನೋಡಿ. ಬೇಲೂರಿನ ದೊಡ್ಡ ದೇವಾಲಯದಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಆದದ್ದು 1117ರಲ್ಲಿ. ಆ ದೇವರಿಗೆ ಹರಕೆ ಹೊತ್ತು ಹುಟ್ಟಿದವನು ಎಂದು ನಿಮ್ಮ 30 ವರ್ಷದ ದಂಡನಾಯಕನ ಬಗ್ಗೆ ಬರೆದರೆ, ಅವನು ದೇವಾಲಯಕ್ಕಿಂತ 22 ವರ್ಷ ದೊಡ್ಡವನಾಗಿಬಿಡುತ್ತಾನೆ.

ಬಿರುದಿನ ಲೆಕ್ಕ ಇದಕ್ಕೆ ಉಲ್ಟಾ. ಬಿರುದು ಕಥೆಯ ವರ್ಷಕ್ಕೆ ಸೇರಿದ್ದು. ವಿಷ್ಣುವರ್ಧನನನ್ನು ‘ತಲಕಾಡುಗೊಂಡ’ ಎಂದು ಕರೆಯಬೇಕಾದರೆ ತಲಕಾಡು ಚೋಳರ ಕೈಯಿಂದ ಬಂದಿರಬೇಕು. ಅದು ಸುಮಾರು 1116ರ ಮಾತು. ನಿಮ್ಮ ಕಥೆ 1110ರಲ್ಲಿ ನಡೆದರೆ ಹೊಗಳುಭಟರ ಬಾಯಲ್ಲಿ ಆ ಪದ ಬರಕೂಡದು.

ಹೆಸರು ಎಲ್ಲಿ ಹುಡುಕಬೇಕು

ಶಾಸನಗಳನ್ನು ಸಂಗ್ರಹಿಸಿ ಮುದ್ರಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಇದಕ್ಕೆ ಗಣಿ ಇದ್ದಂತೆ. ಹಳೆಯ ಮುದ್ರಣದಲ್ಲಿ ಎರಡನೇ ಸಂಪುಟ ಶ್ರವಣಬೆಳಗೊಳದ್ದು, ಐದನೆಯದು ಹಾಸನ ಜಿಲ್ಲೆಯದು. ಹೊಯ್ಸಳರ ಕಾದಂಬರಿಗೆ ಈ ಎರಡರಿಂದಲೇ ಶುರು ಮಾಡಬಹುದು.

ಆದರೆ ಶಾಸನವನ್ನು ಮೇಲಿನಿಂದ ಓದುತ್ತಾ ಹೋದರೆ ಮತ್ತೆ ಸಂಸ್ಕೃತದ ಬಲೆಗೇ ಬೀಳುತ್ತೀರಿ. ಶಾಸನದ ಆರಂಭ ಪ್ರಶಸ್ತಿ, ಅಂದರೆ ಹೊಗಳಿಕೆ. ಅಲ್ಲಿ ಕವಿ ಛಂದಸ್ಸಿಗೆ ತಕ್ಕ ಹಾಗೆ ಹೆಸರನ್ನು ಅಲಂಕರಿಸಿರುತ್ತಾನೆ. ಕೆಳಗೆ ಬನ್ನಿ. ದತ್ತಿ ಕೊಟ್ಟ ಭೂಮಿಯ ಎಲ್ಲೆ ಹೇಳುವ ಕಡೆ, ಸಾಕ್ಷಿಗಳನ್ನು ಹೆಸರಿಸುವ ಕಡೆ, ಕೊನೆಯಲ್ಲಿ ಬರೆದವನ ಮತ್ತು ಕೆತ್ತಿದವನ ಹೆಸರು ಬರುವ ಕಡೆ ನಿಲ್ಲಿ. ಜನ ದಿನಾ ಕೂಗಿ ಕರೆಯುತ್ತಿದ್ದ ಹೆಸರುಗಳು ಅಲ್ಲಿ ಸಿಗುತ್ತವೆ. ವೀರಗಲ್ಲುಗಳಲ್ಲೂ ಹಾಗೆಯೇ. ದನ ಬಿಡಿಸಲು ಹೋಗಿ ಸತ್ತ ರೈತನ ಹೆಸರನ್ನು ಯಾರೂ ಛಂದಸ್ಸಿಗೆ ಹೊಂದಿಸಲು ಹೋಗಿರುವುದಿಲ್ಲ.

ಒಬ್ಬರಿಗೇ ಎರಡು ರೂಪ ಇರುವುದನ್ನು ಗುರುತು ಹಾಕಿಕೊಳ್ಳಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಹೊಗಳುವ ಪದ್ಯದಲ್ಲಿ ಆಕೆ ಪೋಚಾಂಬಿಕೆ. ಅವನ ಹೆಂಡತಿ ಲಕ್ಷ್ಮೀಮತಿ, ಲಕ್ಕಲೆ ಅಂತಲೂ ಕರೆಯುತ್ತಿದ್ದರು. ಕಾದಂಬರಿಕಾರರಿಗೆ ಇದು ದೊಡ್ಡ ಅನುಕೂಲ. ಅಂಗಳದಲ್ಲಿ ಒಂದು ಹೆಸರು, ಕಲ್ಲಿನ ಮೇಲೆ ಇನ್ನೊಂದು. ಪಾತ್ರವೊಂದು ಮೇಲೇರುತ್ತಿದೆ ಎಂದು ತೋರಿಸಲು ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಇನ್ನೊಂದು ಸಣ್ಣ ಸಂತೋಷ. ಸಾಕುಪ್ರಾಣಿಗೆ ಹೆಸರು ಬೇಕಾದರೂ ಶಾಸನ ಕೈಬಿಡುವುದಿಲ್ಲ. 10ನೇ ಶತಮಾನದ ಆತಕೂರು ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಬೇಟೆನಾಯಿ ಇದೆ. ಅದರ ಹೆಸರು ಕಾಳಿ.

ಸಂಸ್ಕೃತದ ಹೆಸರನ್ನು ಬಾಯಿಗೆ ತರುವುದು

ಸಿಕ್ಕ ಹೆಸರುಗಳು ಸಾಲದಿದ್ದಾಗ ಹೊಸದನ್ನು ಕಟ್ಟಬೇಕಾಗುತ್ತದೆ. ಅದಕ್ಕೆ ಒಂದು ದಾರಿ ಇದೆ. ದೇವರ ಹೆಸರು ತೆಗೆದುಕೊಳ್ಳಿ, ಅದನ್ನು ತದ್ಭವ ಮಾಡಿ, ಕೊನೆಗೆ ತಕ್ಕ ಬಾಲ ಸೇರಿಸಿ.

ತದ್ಭವಕ್ಕೆ ನಾಲ್ಕು ಬದಲಾವಣೆ ಗೊತ್ತಿದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಮಹಾಪ್ರಾಣ ಇಳಿಯುತ್ತದೆ: ಭೀಮ ಹೋಗಿ ಬೀಮ, ಭೈರವ ಹೋಗಿ ಬೈರ. ಶ, ಷ ಎರಡೂ ಸ ಆಗುತ್ತವೆ: ಕೇಶವ ಕೇಸವನಾಗುತ್ತಾನೆ, ಶಾಂತಿ ಸಾಂತಿಯಾಗುತ್ತದೆ. ಮೊದಲ ಅಕ್ಷರದ ಯ ಹೆಚ್ಚಾಗಿ ಜ ಆಗುತ್ತದೆ, ವ ಹೆಚ್ಚಾಗಿ ಬ ಆಗುತ್ತದೆ: ಯಕ್ಷ ಜಕ್ಕ, ವೀರ ಬೀರ. ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರ ಒಂದೇ ವ್ಯಂಜನದ ಒತ್ತಾಗುತ್ತದೆ: ಬ್ರಹ್ಮ ಬಮ್ಮ, ಲಕ್ಷ್ಮ ಲಕ್ಕ. ವಿಷ್ಣು ‘ಬಿಟ್ಟಿ’ ಆದದ್ದು ಇದೇ ದಾರಿಯಲ್ಲಿ. ವಿಷ್ಣುವರ್ಧನನ ಇನ್ನೊಂದು ಹೆಸರಾದ ಬಿಟ್ಟಿದೇವ ಎಂಬುದರ ಹಿಂದೆ ವಿಷ್ಣು ಇದ್ದಾನೆ ಎಂದು ನನಗೆ ಮೊದಲು ಹೊಳೆದಾಗ ತುಂಬ ಖುಷಿಯಾಗಿತ್ತು.

ಆದರೆ ಈ ನಿಯಮಗಳು ಅಂದಾಜು ಕೊಡುತ್ತವೆ, ಖಾತ್ರಿ ಕೊಡುವುದಿಲ್ಲ. ಪದ್ಮ ‘ಪದ್ದ’ ಆಗಲಿಲ್ಲ, ‘ಪದುಮ’ ಆಯಿತು. ಒತ್ತಕ್ಷರದ ನಡುವೆ ಉ ಬಂದು ಕೂತಿತು. ಸಿಂಹ ‘ಸಿಂಗ’ ಆಯಿತು. ಹಾಗಾಗಿ ಸುಮ್ನೆ ನಿಯಮ ಹಾಕಿ ಹೆಸರು ಹುಟ್ಟಿಸಬೇಡಿ. ರೂಪ ಮಾಡಿಕೊಂಡ ಮೇಲೆ ಅದು ಶಾಸನದಲ್ಲಿ ಇದೆಯಾ ನೋಡಿ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಎಂಬ ಭಾಗವೇ ಇದೆ. ಅವನು 13ನೇ ಶತಮಾನದವನು, ಹೊಯ್ಸಳರ ಕಾಲದವನೇ. ಯಾವ ಸಂಸ್ಕೃತ ಪದ ಕನ್ನಡದಲ್ಲಿ ಹೇಗೆ ಬದಲಾಯಿತು ಎಂದು ನೋಡಲು ಅವನಿಗಿಂತ ಹತ್ತಿರದ ಸಾಕ್ಷಿ ಬೇಕೇ?

ಬಾಲದಲ್ಲಿ ಬದುಕು ಇದೆ

ಹೆಸರಿನ ಕೊನೆಯ ಭಾಗ ಆ ಮನುಷ್ಯ ಯಾರು ಎಂದು ಹೇಳುತ್ತದೆ. ಹಳ್ಳಿಯ ಮುಖ್ಯಸ್ಥ ಗಾವುಂಡ. ವ್ಯಾಪಾರಿ ಸೆಟ್ಟಿ. ಅಧಿಕಾರಿ ಪೆರ್ಗಡೆ ಅಥವಾ ಹೆಗ್ಗಡೆ. ಲೆಕ್ಕ ಬರೆಯುವವನು ಸೇನಬೋವ. ಈ ಪದವೇ ಸವೆದು ಮುಂದೆ ಶಾನುಭೋಗ ಆಯಿತು, ಆದ್ದರಿಂದ 1125ರ ಕಥೆಯಲ್ಲಿ ಶಾನುಭೋಗ ಬೇಡ. ಶಿಲ್ಪಿಯ ಹೆಸರಿಗೆ ಓಜ ಸೇರುತ್ತದೆ. ಓಜ ಅಂದರೆ ಗುರು, ಆಚಾರ್ಯ. ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ ಹೀಗೆ ದಾಸೋಜನಾದ.

ಹೆಂಗಸರ ಹೆಸರಿಗೆ ಅಬ್ಬೆ, ಅಕ್ಕ, ಅಲೆ ಸೇರುತ್ತವೆ. ಅಬ್ಬೆ ಅಂದರೆ ತಾಯಿ. ಅದರಲ್ಲಿ ಹಿರಿತನದ ಭಾರ ಇದೆ. ಶಾಂತಲೆಯಲ್ಲಿರುವ ಅಲೆ ಹಗುರ, ಎಳೆಯದು. ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಒಂದೇ ಹೆಣ್ಣು ತವರಿನಲ್ಲಿ ಜಕ್ಕಲೆ, ಗಂಡನ ಮನೆಯಲ್ಲಿ ಯಜಮಾನಿಯಾದ ಮೇಲೆ ಜಕ್ಕಿಯಬ್ಬೆ. ಇದು ಆ ಕಾಲದ ಕಟ್ಟುನಿಟ್ಟಿನ ನಿಯಮ ಅಲ್ಲ, ಕಥೆಗಾಗಿ ನಾನು ಮಾಡಿಕೊಂಡ ಆಯ್ಕೆ. ಆದರೆ ಎರಡೂ ಬಗೆಯ ರೂಪಗಳು ಆ ಕಾಲದವೇ.

ಧರ್ಮದ ವಿಷಯದಲ್ಲಿ ಮಾತ್ರ ಹೆಸರನ್ನು ನಂಬಬೇಡಿ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಹೆಸರು ನೋಡಿ ಇದನ್ನು ಊಹಿಸಲು ಸಾಧ್ಯವೇ ಇಲ್ಲ. ಗೃಹಸ್ಥರ ಹೆಸರು ಹೀಗೆ ಕಲಸಿಕೊಂಡಿರುತ್ತದೆ. ಸನ್ಯಾಸಿಗಳದು ಹಾಗಲ್ಲ. ಜೈನ ಮುನಿಗಳಿಗೆ ಚಂದ್ರ, ನಂದಿ, ಕೀರ್ತಿ, ಸೇನ ಎಂಬ ಬಾಲಗಳು. ಗಂಗರಾಜನ ಗುರು ಶುಭಚಂದ್ರ, ಶಾಂತಲೆಯ ಗುರು ಪ್ರಭಾಚಂದ್ರ. ಬಳ್ಳಿಗಾವೆಯ ಕಾಳಾಮುಖ ಪಂಥದ ಶೈವ ಆಚಾರ್ಯರಲ್ಲಿ ವಾಮಶಕ್ತಿ ಎಂಬ ಹೆಸರು ಸಿಗುತ್ತದೆ. ಇವು ದೀಕ್ಷೆಯಲ್ಲಿ ಬಂದ ಹೆಸರುಗಳು, ಸಂಸ್ಕೃತ ಇಲ್ಲಿ ಸವೆಯದೆ ನಿಲ್ಲುತ್ತದೆ. ಕಾದಂಬರಿಯಲ್ಲಿ ಪೂರ್ಣ ಸಂಸ್ಕೃತ ಹೆಸರುಗಳನ್ನು ಇವರಿಗೆ ಎತ್ತಿಟ್ಟರೆ ಸನ್ಯಾಸಿ ಬಾಗಿಲಿಗೆ ಬಂದ ಕೂಡಲೇ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಪ ಮತ್ತು ಹ

ಈ ಕಾಲದ ಕನ್ನಡದಲ್ಲಿ ನಡೆಯುತ್ತಿದ್ದ ದೊಡ್ಡ ಸದ್ದಿನ ಬದಲಾವಣೆ ಇದು. ಪದದ ಮೊದಲಲ್ಲಿದ್ದ ಪ ನಿಧಾನವಾಗಿ ಹ ಆಗುತ್ತಿತ್ತು. ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು, ಪೆರ್ಗಡೆ ಹೆಗ್ಗಡೆಯಾದ. ರಾಜವಂಶದ ಹೆಸರೇ ಪೊಯ್ಸಳ ಎಂದೂ ಹೊಯ್ಸಳ ಎಂದೂ ಸಿಗುತ್ತದೆ. 12ನೇ ಶತಮಾನದ ಶಾಸನಗಳಲ್ಲಿ ಎರಡೂ ರೂಪಗಳು ಒಟ್ಟಿಗೆ ಓಡಾಡುತ್ತವೆ. ಆದ್ದರಿಂದ 1125ರಲ್ಲಿ ಯಾವುದು ಸರಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾರ ಬಾಯಲ್ಲಿ ಯಾವುದು ಎಂದು ಕೇಳಿಕೊಂಡರೆ ಸಾಕು. ಹಳಬರ ಬಾಯಲ್ಲಿ, ಶಾಸನದ ಬಿಗಿ ಭಾಷೆಯಲ್ಲಿ ಪ. ಹುಡುಗರ ಬಾಯಲ್ಲಿ, ಸಂತೆಯಲ್ಲಿ ಹ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಸಂಸ್ಕೃತದಿಂದ ಬಂದ ಹೆಸರಿನ ಪ ಸಾಮಾನ್ಯವಾಗಿ ಬದಲಾಗದೆ ಉಳಿಯುತ್ತದೆ. ಪದ್ಮ ಎಷ್ಟು ಸವೆದರೂ ಹದುಮ ಆಗಲಿಲ್ಲ. ಇನ್ನು ಒತ್ತು ಇರುವ ಪ್ಪ ಹಾಗೇ ಉಳಿಯುತ್ತದೆ. ಅಪ್ಪ ಅಪ್ಪನೇ, ಗಂಗರಾಜನ ಮಗ ಬೊಪ್ಪ ಬೊಪ್ಪನೇ. ಪಕ್ಕದ ತಮಿಳಿನಲ್ಲಿ ಈ ಬದಲಾವಣೆ ಆಗಲೇ ಇಲ್ಲ. ತಲಕಾಡು ನೂರು ವರ್ಷಕ್ಕಿಂತ ಜಾಸ್ತಿ ಚೋಳರ ಕೈಲಿತ್ತು. ಅಲ್ಲಿಂದ ಬಂದ ಪಾತ್ರ ಪೆರುಮಾಳ್ ಎಂದು ಹೆಸರು ಹೇಳಿಕೊಂಡರೆ, ಆ ಮೊದಲ ಪ ಮತ್ತು ಕೊನೆಯ ಅರ್ಧಾಕ್ಷರವೇ ಅವನ ಊರನ್ನು ಹೇಳಿಬಿಡುತ್ತವೆ.

ಹಳಗನ್ನಡದ ೞ ಅಕ್ಷರವನ್ನು ಪುಟದ ಮೇಲೆ ತರಬೇಡಿ. ಇಂದಿನ ಓದುಗರು ಅದನ್ನು ಉಚ್ಚರಿಸಲಾರರು. ಉಚ್ಚರಿಸಲಾಗದ ಹೆಸರು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದರ ಜಾಗದಲ್ಲಿ ಳ ಸಾಕು.

ಈಗ ಮನೆ ತುಂಬೋಣ

ಯಜಮಾನ ಗಾವುಂಡನಿಂದ ಶುರು. ವಯಸ್ಸು 45. ಅವನಿಗೆ ಮಾರ ಎಂದಿಡೋಣ, ಊರವರಿಗೆ ಮಾರ ಗಾವುಂಡ. ಹೆಂಡತಿ ಜಕ್ಕಿಯಬ್ಬೆ. ಅವಳ ಅಣ್ಣ ಬಂದಾಗ ಮಾತ್ರ ‘ಜಕ್ಕಲೆ’ ಎನ್ನುತ್ತಾನೆ.

ಅಜ್ಜ ಹುಟ್ಟಿದ್ದು 1055ರಲ್ಲಿ. ಅವನ ಹೆಸರು ಪೊನ್ನ. ಅಂದರೆ ಚಿನ್ನ. ಮೊಮ್ಮಗನಿಗೆ ಅಜ್ಜನ ಹೆಸರೇ ಇಡೋಣ. ಇದು ರಾಜಮನೆತನದಲ್ಲೂ ಕಾಣುವ ರೂಢಿ. ವಿಷ್ಣುವರ್ಧನನ ಮಗ ನರಸಿಂಹ, ಅವನ ಮಗ ಬಲ್ಲಾಳ, ಅವನ ಮಗ ಮತ್ತೆ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮತ್ತೆ ನರಸಿಂಹ. ಎರಡು ಸಲ ಮೊಮ್ಮಗನಿಗೆ ಅಜ್ಜನ ಹೆಸರು ಬಂದಿದೆ. ಆದರೆ ನಮ್ಮ ಹುಡುಗ 1115ರವನು. ಅವನನ್ನು ಓರಗೆಯವರು ಕೂಗುವುದು ‘ಹೊನ್ನ’ ಎಂದು. ಅಜ್ಜ ಒಬ್ಬನೇ ‘ಪೊನ್ನಾ’ ಎನ್ನುತ್ತಾನೆ. ಒಂದೇ ಹೆಸರು, ಎರಡು ತಲೆಮಾರು, ನಡುವೆ ಒಂದು ಅಕ್ಷರ ಬದಲಾಗಿದೆ. ಓದುಗರಿಗೆ ಭಾಷಾಶಾಸ್ತ್ರ ಹೇಳುವ ಅಗತ್ಯವೇ ಇಲ್ಲ. ಇಬ್ಬರ ಹೆಸರು ಬೇರೆ ಬೇರೆ ಕೇಳಿಸುವುದರಿಂದ ಗೊಂದಲವೂ ಇಲ್ಲ.

ಮಗಳು ಕಥಾನಾಯಕಿ, 17 ವರ್ಷ. ಮೊದಲು ಬಮ್ಮಲೆ ಎಂದು ಯೋಚಿಸಿದೆ. ಆದರೆ ವಿಷ್ಣುವರ್ಧನನ ರಾಣಿಯರಲ್ಲಿ ಬಮ್ಮಲದೇವಿ ಇದ್ದಾಳೆ. ಅರಮನೆ ಕಥೆಯೊಳಗೆ ಬಂದರೆ ಇಬ್ಬರೂ ಕಲಸಿಹೋಗುತ್ತಾರೆ. ಆದ್ದರಿಂದ ನಾಗಲೆ. ಹೇಳಲು ಸುಲಭ, ಅರ್ಥ ತಟ್ಟನೆ ಹೊಳೆಯುತ್ತದೆ, ಇಂದಿಗೂ ಚೆನ್ನಾಗಿ ಕೇಳಿಸುತ್ತದೆ.

ದೋರಸಮುದ್ರದಲ್ಲಿ ಕಲ್ಲು ಕೆತ್ತಲು ಬಂದ ಯುವಕ ಬೇಕು. ವೀರ ಬೀರನಾಗಿ, ಬೀರನಿಗೆ ಓಜ ಸೇರಿ ಬೀರೋಜ. ತೊಂದರೆ ಕೊಡುವ ಅಧಿಕಾರಿಗೆ ಸೋಮ ಎಂಬ ಹೆಸರು ತೆಗೆದುಕೊಂಡೆ. ಆಗಿನ ಬಾಯಲ್ಲಿ ಸೋಮ ಸೋವನಾಗಿದ್ದ. ಹಾಗಾಗಿ ಊರವರಿಗೆ ಅವನು ಹೆಗ್ಗಡೆ ಸೋವಣ್ಣ. ಆದರೆ ತಾನು ಕಟ್ಟಿಸಿದ ಗುಡಿಯ ಶಾಸನದಲ್ಲಿ ಅವನು ‘ಶ್ರೀಮನ್ಮಹಾಪ್ರಧಾನ ಸೋಮದಂಡನಾಥ’ ಎಂದು ಕೆತ್ತಿಸಿಕೊಳ್ಳುತ್ತಾನೆ. ಕೆತ್ತುವವನು ಬೀರೋಜ. ಈ ಒಂದು ದೃಶ್ಯ ಹೆಸರು ಹುಡುಕುವಾಗಲೇ ನನಗೆ ಸಿಕ್ಕಿದ್ದು.

ಕಿವಿಯ ಪರೀಕ್ಷೆ

ಶಾಸನದ ಹೆಸರುಗಳಿಗೆ ಒಂದು ದೋಷ ಇದೆ. ಬಹಳಷ್ಟು ಒಂದೇ ಕಡೆ ಗುಂಪು ಕಟ್ಟುತ್ತವೆ. ಮಾರಯ್ಯ, ಮಾಚಯ್ಯ, ಮಾದಯ್ಯ, ಮಾಚಿಕಬ್ಬೆ. ನಾಲ್ಕೂ ಸರಿಯಾದ ಹೆಸರೇ, ಆದರೆ ಒಂದೇ ಅಧ್ಯಾಯದಲ್ಲಿ ನಾಲ್ಕೂ ಬಂದರೆ ಓದುಗರು ಹಿಂದಿನ ಪುಟ ತಿರುವಿ ನೋಡಬೇಕಾಗುತ್ತದೆ. ಮುಖ್ಯ ಪಾತ್ರಗಳ ಮೊದಲ ಅಕ್ಷರ ಬೇರೆ ಬೇರೆ ಇರಲಿ. ನಮ್ಮ ಮನೆಯಲ್ಲಿ ಪೊ, ಹೊ, ಮಾ, ಜ, ನಾ, ಬೀ, ಸೋ ಇವೆ. ಬಾಲವೂ ಬದಲಾಗಲಿ. ಮೂರು ಜನ ಹೆಂಗಸರಿದ್ದು ಮೂವರೂ ಅಬ್ಬೆಯೇ ಆದರೆ ಕಿವಿಗೆ ಒಂದೇ ಥರ ಕೇಳಿಸುತ್ತದೆ.

ಇನ್ನೊಂದು ತೊಂದರೆ ಅರ್ಥದ್ದು. ದುಡ್ಡ, ಬಿಟ್ಟಿಗ ಎಂಬ ಹೆಸರುಗಳು ಆ ಕಾಲಕ್ಕೆ ಪೂರ್ತಿ ಸರಿ. ಆದರೆ ಇಂದಿನವರಿಗೆ ಒಂದು ಹಣದಂತೆ ಕೇಳಿಸುತ್ತದೆ, ಇನ್ನೊಂದು ಪುಕ್ಕಟೆಯಂತೆ. ದುಃಖದ ದೃಶ್ಯದಲ್ಲಿ ಓದುಗರಿಗೆ ನಗು ಬಂದರೆ ಶಾಸನದ ಆಧಾರ ತೋರಿಸಿ ಪ್ರಯೋಜನ ಇಲ್ಲ ಅಲ್ವಾ? ಅಂಥ ಹೆಸರು ಬಿಟ್ಟುಬಿಡಿ. ಬಿಟ್ಟಿದೇವ ಮಾತ್ರ ಎಲ್ಲರಿಗೂ ಪರಿಚಿತನಾದ್ದರಿಂದ ನಡೆಯುತ್ತದೆ.

ಕೊನೆಗೆ ಕಾಲ ತಪ್ಪಿ ನುಗ್ಗಿದವರನ್ನು ಹುಡುಕಿ. ಪಾರಸಿಯಿಂದ ಬಂದ ಪದಗಳು ಎಲ್ಲೆಲ್ಲೋ ಅಡಗಿರುತ್ತವೆ. ದಾಸಿಗೆ ಗುಲಾಬಿ ಎಂಬ ಹೆಸರು, ಅಧಿಕಾರಿಗೆ ಸರದಾರ, ದಿವಾನ ಎಂಬ ಪದವಿ. ನನ್ನ ಕರಡಿನಲ್ಲಿ ಗುಲಾಬಿ ಇದ್ದಳು, ಮೂರನೇ ಓದಿನವರೆಗೂ ನನ್ನ ಕಣ್ಣಿಗೆ ಬೀಳಲಿಲ್ಲ. ಈಗ ಅವಳು ಸಂಪಗೆ. ನಂತರದ ಭಕ್ತಿಯಿಂದ ಹರಡಿದ ಹೆಸರುಗಳೂ ಹೀಗೆಯೇ. ರಾಘವೇಂದ್ರ ಎಂಬ ಹೆಸರು ಮನೆಮನೆಗೆ ಬಂದದ್ದು 17ನೇ ಶತಮಾನದ ಮಂತ್ರಾಲಯದ ಗುರುಗಳಿಂದ. ಬಸವ ಎಂಬುದು ವೃಷಭದ ತದ್ಭವ, 1125ಕ್ಕೆ ಅಡ್ಡಿಯಿಲ್ಲ. ಆದರೆ ಬಸವಣ್ಣನ ನೆನಪಿಗಾಗಿ ಇಟ್ಟ ಹೆಸರು ಎಂದು ಬರೆಯಬೇಡಿ. ಕಲ್ಯಾಣದ ಆ ದಿನಗಳು ಇನ್ನೂ ಬಂದಿಲ್ಲ.

ವರ್ಷ ಬದಲಾದರೆ

ಬರೆಯುತ್ತಾ ಕಥೆಯನ್ನು ಬೇರೆ ಕಾಲಕ್ಕೆ ಸರಿಸಬೇಕು ಅನ್ನಿಸಬಹುದು. ಆಗ ಇದೇ ಪಟ್ಟಿಯನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. 990ಕ್ಕೆ ಹೋದರೆ ಮೊಮ್ಮಗನೂ ಪೊನ್ನನೇ, ಹೆಗ್ಗಡೆ ಪೆರ್ಗಡೆಯೇ. ಗಾವುಂಡನಿಗೆ ಗಾಮುಂಡ ಎಂಬ ಇನ್ನೂ ಹಳೆಯ ರೂಪವನ್ನೂ ಬಳಸಬಹುದು. ದೋರಸಮುದ್ರದ ಅರಮನೆ ಇರುವುದಿಲ್ಲ. ಗಂಗರ ಕಡೆಯ ರಾಚಮಲ್ಲ, ಬೂತುಗ, ಮಾರಸಿಂಹರ ಲೋಕಕ್ಕೆ ಹೋಗಬೇಕು.

1310ಕ್ಕೆ ಬಂದರೆ, ಮಲಿಕ್ ಕಾಫೂರನ ದಂಡು ದೋರಸಮುದ್ರದತ್ತ ಬರುತ್ತಿರುವ ಕಾಲ ಅದು. ಗಾವುಂಡ ಗವುಡನಾಗಿ ಗೌಡನತ್ತ ಸಾಗಿದ್ದಾನೆ. ಅಜ್ಜನೂ ಹೊನ್ನ, ಮೊಮ್ಮಗನೂ ಹೊನ್ನ. ‘ಪೊನ್ನಾ’ ಎಂದು ಕೂಗುವವರು ಯಾರೂ ಉಳಿದಿಲ್ಲ. ಹಾಗಾಗಿ ಒಬ್ಬನನ್ನು ಹೊನ್ನಯ್ಯ ಮಾಡಿ, ಇನ್ನೊಬ್ಬನನ್ನು ಹೊನ್ನಿಗ ಎಂದು ಬಾಲದಲ್ಲೇ ಬೇರೆ ಮಾಡಬೇಕಾಗುತ್ತದೆ.